ಮಾದರಿ ಪ್ರಬಂಧ ಓದಿ, ಆದರೆ ಟಿಪ್ಪಣಿ ಕನ್ನಡದಲ್ಲೇ ಬರೆಯಿರಿ



ಬ್ರಿಟನ್ನಿನಲ್ಲಿ ಪದವಿ ಕೋರ್ಸುಗಳಿಗೆ ಅರ್ಜಿ ಹಾಕುವವರಲ್ಲಿ ಬಹುಪಾಲು ಮಂದಿ ಯುಕಾಸ್ ಎಂಬ ಒಂದೇ ಸಂಸ್ಥೆಯ ಮೂಲಕ ಹೋಗುತ್ತಾರೆ. ಆ ಅರ್ಜಿಯ ಜೊತೆ ತಾನು ಈ ವಿಷಯ ಯಾಕೆ ಓದಬೇಕೆಂದಿದ್ದೇನೆ ಎಂದು ಬರೆಯುವ ಪ್ರಬಂಧವೇ ಪರ್ಸನಲ್ ಸ್ಟೇಟ್‌ಮೆಂಟ್. 2007ರಲ್ಲಿ ಯುಕಾಸ್ ಸುಮಾರು 50,000 ಸ್ಟೇಟ್‌ಮೆಂಟ್‌ಗಳನ್ನು ಕಂಪ್ಯೂಟರಿನಲ್ಲಿ ಒಂದಕ್ಕೊಂದು ಹೋಲಿಸಿ ನೋಡಿತು. ಆಗ ಒಂದು ವಿಚಿತ್ರ ಹೊರಗೆ ಬಂತು. ಎಂಟನೇ ವಯಸ್ಸಿನಲ್ಲಿ ರಸಾಯನಶಾಸ್ತ್ರದ ಆಟಿಕೆ ಡಬ್ಬಿಯಿಂದ ಪ್ರಯೋಗ ಮಾಡಲು ಹೋಗಿ ತನ್ನ ಪೈಜಾಮಕ್ಕೆ ತೂತು ಸುಟ್ಟುಕೊಂಡೆ, ಅಂದಿನಿಂದ ವಿಜ್ಞಾನದ ಮೇಲೆ ಆಸಕ್ತಿ ಹುಟ್ಟಿತು ಎಂದು 234 ಮಂದಿ ಬರೆದಿದ್ದರು. ಇನ್ನೂ 175 ಮಂದಿಯ ಬರಹದಲ್ಲಿ ಕಾಯಿಲೆಯಲ್ಲಿರುವ ಅಥವಾ ವಯಸ್ಸಾದ ಅಜ್ಜ ಇದ್ದರು. ಇಷ್ಟೊಂದು ಪೈಜಾಮಗಳು ಒಂದೇ ರೀತಿ ಸುಟ್ಟಿರಲು ಸಾಧ್ಯವಿಲ್ಲ. ಯಾರೋ ಒಬ್ಬರ ಪೈಜಾಮ ಸುಟ್ಟಿತ್ತು, ಉಳಿದವರು ಅದನ್ನು ಓದಿದ್ದರು, ಅಷ್ಟೇ.

ನಮ್ಮ ಕಾಸರಗೋಡಿನ ಕಡೆಯಿಂದಲೂ ಈಗ ನರ್ಸಿಂಗ್, ಫಿಸಿಯೋಥೆರಪಿ, ಸಮಾಜಕಾರ್ಯ ಎಂದು ಹೊರಡುವವರು ಇದ್ದಾರೆ. ಪ್ಲಸ್ ಟು ಮುಗಿಸಿದ ಮಕ್ಕಳ ಕೈಯಲ್ಲಿ ಮಾದರಿ ಪ್ರಬಂಧಗಳ ಕಟ್ಟೇ ಇರುತ್ತದೆ. ಕೆಲವು ಜಾಲತಾಣದಿಂದ ಇಳಿಸಿದವು, ಕೆಲವು ಏಜೆನ್ಸಿಯವರು ವಾಟ್ಸಾಪಿನಲ್ಲಿ ಕಳಿಸಿದವು. ಇವುಗಳ ಬಗ್ಗೆ ಎರಡು ಬಗೆಯ ಬುದ್ಧಿವಾದ ಕೇಳಿಬರುತ್ತದೆ. ಹಿರಿಯರು, “ಅವನ್ನು ಮುಟ್ಟಲೇಬೇಡ, ಸ್ವಂತ ಬರಿ” ಎನ್ನುತ್ತಾರೆ. ಏಜೆನ್ಸಿಯವರು, “ಇದನ್ನೇ ಇಟ್ಟುಕೊ, ನಾಲ್ಕು ಪದ ಬದಲಿಸು” ಎನ್ನುತ್ತಾರೆ. ನನಗೆ ಎರಡೂ ಸರಿ ಕಾಣುವುದಿಲ್ಲ. ಮೊದಲನೆಯ ಮಾತು ನಮ್ಮ ಮಕ್ಕಳಿಗೆ ಅನ್ಯಾಯ. ಇಂಥ ಬರವಣಿಗೆಯನ್ನು ಯಾವ ಶಾಲೆಯಲ್ಲೂ ಕಲಿಸದೆ ಇರುವಾಗ, ಒಂದನ್ನೂ ನೋಡದೆ ಬರೆ ಎಂದರೆ ಹೇಗೆ? ಎರಡನೆಯದು ಮಾತ್ರ ನೇರವಾಗಿ ಅಪಾಯಕ್ಕೆ ತಳ್ಳುವ ಮಾತು. ಮಾದರಿ ಓದಬೇಕು. ಆದರೆ ಅದರಿಂದ ತೆಗೆದುಕೊಳ್ಳಬೇಕಾದದ್ದು ವಾಕ್ಯವಲ್ಲ, ಆ ವಾಕ್ಯ ಅಲ್ಲಿ ಮಾಡುತ್ತಿರುವ ಕೆಲಸ. ಅದಕ್ಕೆ ನಮ್ಮ ಕೈಯಲ್ಲೇ ಒಂದು ಒಳ್ಳೆಯ ಉಪಾಯವಿದೆ: ಟಿಪ್ಪಣಿಯನ್ನು ಮನೆಮಾತಿನಲ್ಲಿ ಬರೆಯುವುದು.

ಪರಿಶೀಲನೆ ನೋಡುವುದು ಏನನ್ನು?

ಯುಕಾಸ್‌ನ ಹೋಲಿಕೆ ಪರಿಶೀಲನೆಯ ಬಳಿ ಒಂದು ದೊಡ್ಡ ಸಂಗ್ರಹವಿದೆ. ಹಿಂದಿನ ವರ್ಷಗಳಲ್ಲಿ ಬಂದ ಸ್ಟೇಟ್‌ಮೆಂಟ್‌ಗಳು, ಜಾಲತಾಣಗಳಲ್ಲಿ ಮತ್ತು ಪುಸ್ತಕಗಳಲ್ಲಿ ಪ್ರಕಟವಾದ ಮಾದರಿಗಳು ಎಲ್ಲ ಅದರೊಳಗಿವೆ. ಹೊಸದಾಗಿ ಬರುವ ಪ್ರತಿಯೊಂದನ್ನೂ ಆ ಸಂಗ್ರಹಕ್ಕೆ ಹೋಲಿಸುತ್ತಾರೆ. ಆಮೇಲೆ ಅದೂ ಸಂಗ್ರಹಕ್ಕೆ ಸೇರುತ್ತದೆ. ಎಲ್ಲರೂ ಬಳಸುವ ಸಣ್ಣಪುಟ್ಟ ಪದಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಟ್ಟು ಹೋಲಿಕೆ 30 ಶೇಕಡಾ ಅಥವಾ ಅದಕ್ಕಿಂತ ಹೆಚ್ಚು ಬಂದರೆ ಸಿಬ್ಬಂದಿ ಕೂತು ಕಣ್ಣಾರೆ ಓದುತ್ತಾರೆ. ನಿಜವಾಗಿಯೂ ನಕಲು ಎನಿಸಿದರೆ ಅರ್ಜಿದಾರರಿಗೂ ಅವರು ಆರಿಸಿದ ವಿಶ್ವವಿದ್ಯಾನಿಲಯಗಳಿಗೂ ತಿಳಿಸುತ್ತಾರೆ. ಯುಕಾಸ್ ತಾನಾಗಿ ತೀರ್ಪು ಕೊಡುವುದಿಲ್ಲ. ಏನು ಮಾಡಬೇಕೆಂದು ಪ್ರತಿ ವಿಶ್ವವಿದ್ಯಾನಿಲಯವೂ ತಾನೇ ನಿರ್ಧರಿಸುತ್ತದೆ.

ಇದರಲ್ಲಿ ಮನೆಯವರು ಗಮನಿಸಬೇಕಾದದ್ದು ಒಂದಿದೆ. ಒಂದು ಏಜೆನ್ಸಿ ಒಂದೇ ಮಾದರಿಯನ್ನು ಹತ್ತು ಮಕ್ಕಳಿಗೆ ಕೊಟ್ಟಿತು ಎಂದುಕೊಳ್ಳಿ. ಆ ಮಾದರಿ ಜಾಲತಾಣದಲ್ಲಿ ಎಲ್ಲೂ ಇಲ್ಲದಿರಬಹುದು. ಗೂಗಲ್‌ನಲ್ಲಿ ಹುಡುಕಿದರೆ ಏನೂ ಸಿಗಲಾರದು. ಆದರೂ ಮೊದಲ ಹುಡುಗನ ಅರ್ಜಿ ಸಂಗ್ರಹ ಸೇರಿದ ಕ್ಷಣದಿಂದ ಎರಡನೆಯವನದು ಅದಕ್ಕೆ ಹೋಲಿಕೆಯಾಗುತ್ತದೆ. “ಇದು ನಮ್ಮದೇ ಸ್ವಂತ ಮಾದರಿ, ಎಲ್ಲೂ ಸಿಗುವುದಿಲ್ಲ” ಎಂಬ ಭರವಸೆಗೆ ಅರ್ಥವಿಲ್ಲ. ಹಣ ಕೊಟ್ಟು ತಂದ ಪ್ರಬಂಧದ ಹಿಂದಿನ ಗಿರಾಕಿಗಳು ಯಾರು ಎಂದು ನಿಮಗೆ ಗೊತ್ತಿಲ್ಲ, ಆ ಸಂಗ್ರಹಕ್ಕೆ ಗೊತ್ತಿದೆ.

ಇನ್ನೊಂದು ಮಾತು. 30ರ ಗಡಿಯ ಕೆಳಗೆ ಉಳಿದರೆ ಗೆದ್ದೆ ಎಂದು ತಿಳಿಯುವುದೂ ತಪ್ಪು. ಯಂತ್ರದ ನಂತರ ವಿಶ್ವವಿದ್ಯಾನಿಲಯದಲ್ಲಿ ಪ್ರವೇಶ ನೋಡುವವರು ಅದನ್ನು ಓದಬಹುದು. ಅವರು ಪ್ರತಿ ವರ್ಷ ನೂರಾರು ಸ್ಟೇಟ್‌ಮೆಂಟ್ ಓದುವವರು. ಅವರ ಕಣ್ಣಿಗೆ ಎರವಲು ವಾಕ್ಯ ಬೇಗ ಕಾಣುತ್ತದೆ. ನರ್ಸಿಂಗ್ ಕೋರ್ಸುಗಳಲ್ಲಿ ಸಾಮಾನ್ಯವಾಗಿ ಸಂದರ್ಶನವೂ ಇರುತ್ತದೆ. ಬರೆದದ್ದರ ಬಗ್ಗೆ ಎರಡು ಪ್ರಶ್ನೆ ಕೇಳಿದರೆ ಸಾಕು.

ಮೊದಲು ಅರ್ಜಿಯ ನಮೂನೆ, ಆಮೇಲೆ ಮಾದರಿ

ಮಾದರಿಯನ್ನು ತೆರೆಯುವ ಮೊದಲೇ ಕೇಳಬೇಕಾದ ಪ್ರಶ್ನೆ, ಇದು ಯಾವ ವರ್ಷದ್ದು ಎಂದು. 2026ರ ಪ್ರವೇಶದಿಂದ ಯುಕಾಸ್ ನಮೂನೆಯನ್ನೇ ಬದಲಿಸಿದೆ. ಮೊದಲು ಒಂದೇ ಉದ್ದದ ಪ್ರಬಂಧ ಇತ್ತು. ಈಗ ಮೂರು ಪ್ರಶ್ನೆಗಳಿವೆ. ಈ ವಿಷಯವನ್ನು ಯಾಕೆ ಓದಬಯಸುತ್ತೀರಿ? ಈವರೆಗಿನ ನಿಮ್ಮ ಓದು ಅದಕ್ಕೆ ನಿಮ್ಮನ್ನು ಹೇಗೆ ತಯಾರು ಮಾಡಿದೆ? ಓದಿನ ಹೊರಗೆ ಏನು ಮಾಡಿ ತಯಾರಾಗಿದ್ದೀರಿ, ಆ ಅನುಭವ ಯಾಕೆ ಉಪಯುಕ್ತ? ಮೂರಕ್ಕೂ ಸೇರಿ 4,000 ಅಕ್ಷರಗಳು, ನಡುವಿನ ಖಾಲಿ ಜಾಗವೂ ಲೆಕ್ಕಕ್ಕೆ ಬರುತ್ತದೆ. ಪ್ರತಿಯೊಂದಕ್ಕೂ ಕನಿಷ್ಠ 350 ಅಕ್ಷರ ಬೇಕು.

ಜಾಲತಾಣಗಳಲ್ಲಿ ಸಿಗುವ ಮಾದರಿಗಳಲ್ಲಿ ಬಹಳಷ್ಟು ಹಳೆಯ ನಮೂನೆಯವು. ಅವುಗಳಲ್ಲಿ ಓದುಗರನ್ನು ಸೆಳೆಯುವ ನಾಟಕೀಯ ಆರಂಭ ಇರುತ್ತದೆ, ಒಂದು ಭಾಗದಿಂದ ಇನ್ನೊಂದಕ್ಕೆ ದಾಟಿಸುವ ಸೇತುವೆಯ ವಾಕ್ಯ ಇರುತ್ತದೆ, ಕೊನೆಗೆ ಎಲ್ಲವನ್ನೂ ಕಟ್ಟಿ ಮುಗಿಸುವ ಒಂದು ಪ್ಯಾರಾ ಇರುತ್ತದೆ. ಈಗ ಪ್ರಶ್ನೆಗಳೇ ಭಾಗಗಳನ್ನು ಬೇರೆ ಮಾಡಿಕೊಟ್ಟಿರುವಾಗ ಸೇತುವೆಯೂ ಬೇಡ, ಮಂಗಳ ಹಾಡುವ ಪ್ಯಾರಾವೂ ಬೇಡ. ಹಳೆಯ ಮಾದರಿಯ ಆಕಾರವನ್ನೇ ಕುರುಡಾಗಿ ಹಿಡಿದವರು ಒಂದು ಪದ ಕದಿಯದಿದ್ದರೂ ನಷ್ಟಕ್ಕೆ ಬೀಳುತ್ತಾರೆ. ಇರುವ ಅಕ್ಷರಗಳಲ್ಲಿ ಒಂದು ಪಾಲು ವ್ಯರ್ಥ. ಆಕಾರವನ್ನು ಕಲಿಯುವುದು ಎಂದರೆ ಅದನ್ನೂ ಪ್ರಶ್ನಿಸುವುದು.

ಒಂದು ಪ್ಯಾರಾ ಓದಿ ನೋಡೋಣ

ಉದಾಹರಣೆಗೆ, ನಾನೇ ಕಟ್ಟಿದ ಒಂದು ಮಾದರಿ ಇಲ್ಲಿದೆ. ಇಂಗ್ಲಿಷಿನಲ್ಲಿ ಇರುತ್ತಿದ್ದದ್ದನ್ನು ಕನ್ನಡದಲ್ಲಿ ಹೇಳುತ್ತೇನೆ. ನರ್ಸಿಂಗಿಗೆ ಅರ್ಜಿ ಹಾಕಿದ ಹುಡುಗಿಯೊಬ್ಬಳು ಮೊದಲ ಪ್ರಶ್ನೆಗೆ ಬರೆದದ್ದು ಎಂದು ಇಟ್ಟುಕೊಳ್ಳಿ:

“ನನ್ನ ಅಜ್ಜಿಗೆ ಪಾರ್ಶ್ವವಾಯು ಆದಾಗ ವಾರ್ಡಿನ ನರ್ಸ್ ಆಕೆಗೆ ಊಟ, ಮಾತ್ರೆ ಏನೂ ಕೊಡುವ ಮೊದಲು ಒಂದು ಚಮಚ ನೀರು ಕುಡಿಸಿ ಕಾದು ನೋಡಿದರು. ಬಾಯಾರಿರಬಹುದೆಂಬ ಕಾಳಜಿ ಎಂದು ನಾನು ತಿಳಿದೆ. ಮುಂದೆ ಜೀವಶಾಸ್ತ್ರದಲ್ಲಿ ನುಂಗುವ ಕ್ರಿಯೆಯ ಬಗ್ಗೆ ಓದಿದಾಗ, ಆಹಾರ ಶ್ವಾಸನಾಳಕ್ಕೆ ಹೋಗುವ ಅಪಾಯ ಇದೆಯೇ ಎಂದು ಅವರು ಪರೀಕ್ಷಿಸುತ್ತಿದ್ದರು ಎಂದು ಅರಿತೆ. ಒಳ್ಳೆಯ ಶುಶ್ರೂಷೆಯಲ್ಲಿ ದಯೆಯಷ್ಟೇ ಸೂಕ್ಷ್ಮವಾದ ನಿಗಾ ಇರುತ್ತದೆ ಎಂದು ಆಗ ಗೊತ್ತಾಯಿತು. ನಿಮ್ಮ ವಿಶ್ವವಿದ್ಯಾನಿಲಯದ ಜಗತ್ಪ್ರಸಿದ್ಧ ನರ್ಸಿಂಗ್ ವಿಭಾಗದಲ್ಲಿ ಇದನ್ನು ಕಲಿಯಲು ನಾನು ಹಂಬಲಿಸುತ್ತೇನೆ.”

ಮೊದಲ ಸಲ ಸುಮ್ಮನೆ ಓದಿ. ಎರಡನೇ ಸಲ ಪ್ರತಿ ವಾಕ್ಯದ ಎದುರು, ಅದು ಹೇಳುತ್ತಿರುವುದೇನು ಎಂದಲ್ಲ, ಅಲ್ಲಿ ಮಾಡುತ್ತಿರುವ ಕೆಲಸವೇನು ಎಂದು ಕನ್ನಡದಲ್ಲಿ ಬರೆಯಿರಿ. ಮೊದಲ ವಾಕ್ಯ: ಕಣ್ಣಾರೆ ಕಂಡ ಒಂದು ಚಿಕ್ಕ ಕೆಲಸ. ಎರಡನೆಯದು: ಆಗ ನಾನು ಅಂದುಕೊಂಡದ್ದು. ಮೂರನೆಯದು: ಪಾಠ ಅದಕ್ಕೆ ಕೊಟ್ಟ ಕಾರಣ. ನಾಲ್ಕನೆಯದು: ಈ ವೃತ್ತಿಯ ಬಗ್ಗೆ ಬದಲಾದ ತಿಳುವಳಿಕೆ. ಐದನೆಯದು: ವಿಶ್ವವಿದ್ಯಾನಿಲಯವನ್ನು ಹೊಗಳುವುದು.

ಹೀಗೆ ಬರೆದ ಮೇಲೆ ವಿಮರ್ಶೆ ತಾನಾಗಿ ಶುರುವಾಗುತ್ತದೆ. ಈ ಪ್ಯಾರಾ ಗಟ್ಟಿಯಾಗಿರುವುದು ಅಜ್ಜಿಯಿಂದ ಅಲ್ಲ. ಕಾಯಿಲೆಯ ಅಥವಾ ವಯಸ್ಸಾದ ಅಜ್ಜ 2007ರಲ್ಲೇ 175 ಮಂದಿಯ ಬರಹದಲ್ಲಿ ಇದ್ದರು. ಗಟ್ಟಿಯಾಗಿರುವುದು ಆ ಒಂದು ಚಮಚ ನೀರಿನಿಂದ, ಮತ್ತು ಮೂರನೇ ವಾಕ್ಯದಿಂದ. ಕಂಡದ್ದನ್ನು ಓದಿನ ಜೊತೆ ಜೋಡಿಸಿದ ಆ ವಾಕ್ಯವನ್ನು ತೆಗೆದುಹಾಕಿ ನೋಡಿ, ಉಳಿದದ್ದೆಲ್ಲ ಯಾರು ಬೇಕಾದರೂ ಬರೆಯಬಹುದಾದ ಮಾತು. ಐದನೇ ವಾಕ್ಯವಂತೂ ದೋಷವೇ. ಯುಕಾಸ್‌ನಲ್ಲಿ ಐದು ಆಯ್ಕೆಗಳವರೆಗೆ ಹಾಕಬಹುದು, ಎಲ್ಲ ಕಡೆಗೂ ಹೋಗುವುದು ಇದೇ ಒಂದು ಸ್ಟೇಟ್‌ಮೆಂಟ್. “ನಿಮ್ಮ ವಿಶ್ವವಿದ್ಯಾನಿಲಯ” ಎಂದರೆ ಐವರಲ್ಲಿ ಯಾರು? ಪ್ರಕಟವಾಗಿದೆ ಎಂಬ ಕಾರಣಕ್ಕೆ ಮಾದರಿಯಲ್ಲಿರುವುದೆಲ್ಲ ಸರಿ ಎಂದಲ್ಲ. ಆ ಹುಡುಗಿಗೆ ಸೀಟು ಸಿಕ್ಕಿದ್ದರೂ ಅದು ಅಂಕಗಳಿಂದ ಸಿಕ್ಕಿತೋ, ಸಂದರ್ಶನದಿಂದ ಸಿಕ್ಕಿತೋ, ಪ್ರಬಂಧದಿಂದಲೋ ಎಂದು ಪುಟ ನೋಡಿದರೆ ತಿಳಿಯುವುದಿಲ್ಲ. ಒಂದು ವಾಕ್ಯ ಅಲ್ಲಿರುವುದು ಅದರ ಬಲದಿಂದಲೋ ಅದರ ದೋಷವನ್ನು ಯಾರೂ ಲೆಕ್ಕಿಸದ್ದರಿಂದಲೋ ಎಂದು ನೀವೇ ತೂಗಬೇಕು.

ಒಂದೇ ಮಾದರಿಗೆ ನಿಲ್ಲಬೇಡಿ. ಮೂರಕ್ಕಾದರೂ ಹೀಗೆಯೇ ಮಾಡಿ. ಒಂದನ್ನೇ ಹತ್ತು ಸಲ ಓದಿದವರ ಬಾಯಲ್ಲಿ ಅದರ ವಾಕ್ಯಗಳು ನಿಂತುಬಿಡುತ್ತವೆ. ಮೂರನ್ನು ಪಕ್ಕ ಪಕ್ಕ ಇಟ್ಟು ಟಿಪ್ಪಣಿ ಹೋಲಿಸಿದಾಗ, ಮೂರರಲ್ಲೂ ಇರುವ ಕೆಲಸ ಯಾವುದು, ಒಬ್ಬರ ಚಾಳಿ ಮಾತ್ರ ಯಾವುದು ಎಂದು ಬೇರೆಯಾಗುತ್ತದೆ.

ಕನ್ನಡದಲ್ಲೇ ಯಾಕೆ?

ಇಂಗ್ಲಿಷ್ ಮಾದರಿಯನ್ನು ಓದಿ ಇಂಗ್ಲಿಷಿನಲ್ಲೇ ಟಿಪ್ಪಣಿ ಬರೆದರೆ, ಅದರ ಚೆಂದದ ಪದಗಳು ನಮಗೆ ಗೊತ್ತಿಲ್ಲದೆ ಟಿಪ್ಪಣಿಗೆ ಬಂದು ಸೇರುತ್ತವೆ. ವಾರದ ನಂತರ ಅದು ಮಾದರಿಯ ಮಾತೋ ನಮ್ಮದೋ ಎಂದು ಗುರುತೇ ಸಿಗುವುದಿಲ್ಲ. ಇಂಗ್ಲಿಷ್ ನಮ್ಮ ಮನೆಮಾತಲ್ಲ. ಹಾಗಾಗಿ ಸಿದ್ಧವಾಗಿ ಸಿಕ್ಕ ಒಂದು ನುಡಿಗಟ್ಟನ್ನು ಬಿಟ್ಟುಕೊಡಲು ಮನಸ್ಸೇ ಬರುವುದಿಲ್ಲ. ಕನ್ನಡದಲ್ಲೋ ಕೊಂಕಣಿಯಲ್ಲೋ ತುಳುವಿನಲ್ಲೋ “ಕಣ್ಣಾರೆ ಕಂಡ ಚಿಕ್ಕ ಕೆಲಸ” ಎಂದು ಬರೆದಾಗ ದಾಟಿ ಬರುವುದು ಕೆಲಸದ ಹೆಸರು ಮಾತ್ರ. ಇಂಗ್ಲಿಷ್ ವಾಕ್ಯ ಆಚೆಯೇ ಉಳಿಯುತ್ತದೆ. ಎರಡು ಮೂರು ಭಾಷೆಗಳ ನಡುವೆ ಬೆಳೆದ ಗಡಿನಾಡಿನ ಮಕ್ಕಳಿಗೆ ಇದು ಕಷ್ಟವೇ ಅಲ್ಲ.

ಟಿಪ್ಪಣಿ ಮುಗಿದ ಮೇಲೆ ಮಾದರಿಯನ್ನು ಮುಚ್ಚಿಡಿ. ಅದೇ ದಿನ ಬರೆಯಲು ಕೂರಬೇಡಿ, ಒಂದೆರಡು ದಿನ ಹೋಗಲಿ. ಆಮೇಲೆ ಟಿಪ್ಪಣಿಯ ಪ್ರತಿ ಸಾಲನ್ನೂ ನಿಮಗೇ ಕೇಳುವ ಪ್ರಶ್ನೆಯಾಗಿ ತಿರುಗಿಸಿ. ನಾನು ಕಣ್ಣಾರೆ ಕಂಡ ಚಿಕ್ಕ ಕೆಲಸ ಯಾವುದು? ಅದಕ್ಕೆ ನನ್ನ ಯಾವ ಪಾಠ ಕಾರಣ ಕೊಟ್ಟಿತು? ಉತ್ತರವನ್ನು ಮೊದಲು ಮನೆಮಾತಿನಲ್ಲೇ ಹೇಳಿ, ಬೇಕಿದ್ದರೆ ಮೊಬೈಲಿನಲ್ಲಿ ಧ್ವನಿಮುದ್ರಿಸಿ. ಇಂಗ್ಲಿಷ್ ಬರುವುದು ಕೊನೆಯಲ್ಲಿ.

ಆದರೆ ಈ ಉಪಾಯಕ್ಕೂ ಒಂದು ಮಿತಿ ಇದೆ. ಮಾದರಿಯ ಘಟನೆಯನ್ನೇ ಕನ್ನಡಕ್ಕೆ ತಂದು ಮತ್ತೆ ಇಂಗ್ಲಿಷಿಗೆ ತಿರುಗಿಸಿದರೆ ಅದು ನಕಲೇ. “ನನ್ನ ಅಜ್ಜನಿಗೆ ಲಕ್ವ ಹೊಡೆದಾಗ ಸಿಸ್ಟರ್ ಒಂದು ಗುಟುಕು ನೀರು ಕೊಟ್ಟು ನೋಡಿದರು” ಎಂದರೆ ಅಜ್ಜಿ ಅಜ್ಜನಾದಳು, ಚಮಚ ಗುಟುಕಾಯಿತು, ಬೇರೇನೂ ಬದಲಾಗಲಿಲ್ಲ. ಯಂತ್ರ ಅದನ್ನು ಹಿಡಿಯದೆ ಬಿಡಬಹುದು. ಆದರೂ ಅದು ಇನ್ನೊಬ್ಬಳ ಬದುಕು, ಅದನ್ನು ನನ್ನದೆಂದು ಹೇಳುವುದು ಸುಳ್ಳು. ಪೈಜಾಮದ 234 ಮಂದಿಯ ತಪ್ಪು ಪದದಲ್ಲಿ ಮಾತ್ರ ಇರಲಿಲ್ಲ, ಘಟನೆಯಲ್ಲೇ ಇತ್ತು.

ಅದೇ ಆಕಾರ, ನಮ್ಮ ಊರಿನ ಸರಕು

ಈಗ ನಮ್ಮ ಕಡೆಯ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳಿ. ಪಂಚಾಯತಿನ ಪಾಲಿಯೇಟಿವ್ ಹೋಂ ಕೇರ್ ವಾಹನದ ಜೊತೆ ಸ್ವಯಂಸೇವಕಿಯಾಗಿ ಕೆಲವು ಮನೆಗಳಿಗೆ ಹೋಗಿದ್ದಾಳೆ. ನರ್ಸ್ ಮಲಯಾಳಂ ಮಾತಾಡುವವರು, ಹಾಸಿಗೆಯಲ್ಲಿದ್ದ ಅಜ್ಜಿಗೆ ಬರುವುದು ತುಳು ಮಾತ್ರ. ನಡುವೆ ಮಾತು ದಾಟಿಸುವುದು ಇವಳ ಕೆಲಸ. ತನ್ನ ಪ್ರಶ್ನೆಗಳಿಗೆ ಅವಳು ಕೊಟ್ಟುಕೊಂಡ ಉತ್ತರ ಹೀಗಿರಬಹುದು:

“ನೋವು ಹತ್ತರಲ್ಲಿ ಎಷ್ಟು ಎಂದು ನರ್ಸ್ ಕೇಳಿದರು. ಅಜ್ಜಿ ಸಂಖ್ಯೆ ಹೇಳಲಿಲ್ಲ. ಕಾಲು ಬೆಂಕಿ ತಾಗಿದ ಹಾಗೆ ಉರಿಯುತ್ತದೆ, ಹೊದಿಕೆ ಮುಟ್ಟಿದರೂ ಆಗುವುದಿಲ್ಲ ಎಂದರು. ನಾನು ಅದನ್ನು ಬರೀ ನೋವು ಎಂದು ದಾಟಿಸಿದ್ದರೆ ಮುಖ್ಯವಾದದ್ದೇ ಬಿಟ್ಟುಹೋಗುತ್ತಿತ್ತು. ಉರಿ ಎಂಬ ಮಾತು ಕೇಳಿ ನರ್ಸ್ ಟಿಪ್ಪಣಿ ಬದಲಿಸಿದರು, ನರಕ್ಕೆ ಪೆಟ್ಟಾದಾಗ ಬರುವ ನೋವಿಗೆ ಕೊಡುವ ಔಷಧಿ ಬೇರೆ ಎಂದು ವಿವರಿಸಿದರು. ಆಮೇಲೆ ನರವ್ಯೂಹದ ಪಾಠವನ್ನು ನಾನು ಬೇರೆ ಕಣ್ಣಿನಿಂದ ಓದಿದೆ. ರೋಗಿಯ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳುವುದೂ ಚಿಕಿತ್ಸೆಯ ಭಾಗ ಎಂಬುದಕ್ಕಾಗಿ ನನಗೆ ನರ್ಸಿಂಗ್ ಬೇಕು.”

ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಕಂಡ ಚಿಕ್ಕ ಕೆಲಸ ಇದೆ, ಕಾರಣ ಇದೆ, ತಿಳುವಳಿಕೆ ಇದೆ. ಆದರೆ ಒಂದೇ ಒಂದು ನುಡಿಗಟ್ಟು ಸಾಮಾನ್ಯವಿಲ್ಲ. “ಆಗ ನಾನು ಅಂದುಕೊಂಡದ್ದು” ಎಂಬ ಕೆಲಸವನ್ನು ಇವಳು ಬಿಟ್ಟೇಬಿಟ್ಟಿದ್ದಾಳೆ, ಯಾಕೆಂದರೆ ಇವಳ ಘಟನೆಯಲ್ಲಿ ಅದು ಇರಲಿಲ್ಲ. ಪಾಠ ಬಂದದ್ದು ಘಟನೆಗೆ ಕಾರಣ ಕೊಡಲು ಅಲ್ಲ, ಘಟನೆಯೇ ಪಾಠಕ್ಕೆ ಜೀವ ಕೊಟ್ಟಿತು. ಹೊಗಳಿಕೆ ಹೋಯಿತು. ಆಕಾರ ಎಂದರೆ ಅಚ್ಚಲ್ಲ, ತನ್ನ ಸರಕಿಗೆ ತಕ್ಕಂತೆ ಅದು ಬಗ್ಗಬೇಕು. ಬಗ್ಗದೆ ಐದಕ್ಕೆ ಐದೂ ಹಾಗೆಯೇ ಬಂದಿದ್ದರೆ, ಇಲ್ಲದ ಒಂದನ್ನು ಎಲ್ಲೋ ಕಟ್ಟಿ ಸೇರಿಸಿದ್ದೀರಿ ಎಂದು ಅನುಮಾನಪಡಿ. ಇನ್ನೊಂದು ಸಂಗತಿ, ಈ ಅನುಭವ ಮೂರನೇ ಪ್ರಶ್ನೆಗೆ ಹೆಚ್ಚು ಹೊಂದುತ್ತದೆ ಎನಿಸಿದರೆ ಅಲ್ಲಿಗೇ ಸರಿಸಿ. ಎರಡು ಕಡೆ ಹೇಳಬಾರದು.

ಕಳಿಸುವ ಮೊದಲು

ಇಂಗ್ಲಿಷ್ ಪ್ರತಿ ತಯಾರಾದ ಮೇಲೆ ಮಾದರಿಗಳನ್ನು ಮತ್ತೆ ತೆರೆಯಿರಿ, ಈ ಸಲ ಕಳ್ಳನನ್ನು ಹುಡುಕುವ ಹಾಗೆ. ನಾಲ್ಕೈದು ಪದಗಳು ಅದೇ ಸಾಲಿನಲ್ಲಿ ಎರಡರಲ್ಲೂ ಬಂದಿದ್ದರೆ ಗುರುತು ಹಾಕಿ. ಕೋರ್ಸಿನ ಹೆಸರು, ರೋಗದ ಹೆಸರು, ಪರೀಕ್ಷೆಯ ಹೆಸರು ಇದ್ದರೆ ಚಿಂತೆ ಬೇಡ, ಅವಕ್ಕೆ ಬೇರೆ ಹೆಸರಿಲ್ಲ. ಉಳಿದ ಕಡೆ ಪದಕ್ಕೆ ಬದಲಿ ಪದ ಹುಡುಕುವುದು ಪ್ರಯೋಜನವಿಲ್ಲ. ಆ ವಾಕ್ಯವನ್ನೇ ಅಳಿಸಿ, ಹೇಳಬೇಕಾದದ್ದನ್ನು ಕನ್ನಡದಲ್ಲಿ ಬಾಯಿಬಿಟ್ಟು ಹೇಳಿ, ಹೊಸದಾಗಿ ಬರೆಯಿರಿ. ನಿಮ್ಮ ಬರಹದಲ್ಲಿ ತುಂಬ ಚೆಂದ ಕಾಣುವ, ನೀವು ಮಾತಿನಲ್ಲಿ ಎಂದೂ ಬಳಸದ ವಾಕ್ಯ ಇದ್ದರೆ ಅದನ್ನು ಉದ್ಧರಣ ಚಿಹ್ನೆಯ ಒಳಗಿಟ್ಟು ಗೂಗಲ್‌ನಲ್ಲಿ ಹುಡುಕಿ. ಅದೇ ಪದಗಳು ಅದೇ ಕ್ರಮದಲ್ಲಿ ಬೇರೆಲ್ಲಾದರೂ ಇದ್ದರೆ ಅದು ತೋರಿಸಬಹುದು. ಆದರೆ ಏನೂ ಸಿಗಲಿಲ್ಲ ಎಂದರೆ ಅದು ಪ್ರಮಾಣಪತ್ರವಲ್ಲ, ಯುಕಾಸ್‌ನ ಸಂಗ್ರಹ ಗೂಗಲ್‌ಗೆ ಕಾಣುವುದಿಲ್ಲ. ಉಚಿತವಾಗಿ ನಕಲು ಪರೀಕ್ಷಿಸಿಕೊಡುತ್ತೇವೆ ಎನ್ನುವ ಗುರುತಿಲ್ಲದ ತಾಣಗಳಿಗೆ ಪೂರ್ತಿ ಸ್ಟೇಟ್‌ಮೆಂಟ್ ಅಂಟಿಸಬೇಡಿ. ಅದು ಆಮೇಲೆ ಎಲ್ಲಿಗೆ ಹೋಗುತ್ತದೆ ಎಂಬುದು ನಿಮ್ಮ ಕೈಯಲ್ಲಿರುವುದಿಲ್ಲ. ಅದೇ ಕಾರಣಕ್ಕೆ, ಬರೆದು ಮುಗಿದದ್ದನ್ನು ಗೆಳೆಯರಿಗೆ “ಸುಮ್ಮನೆ ನೋಡಲು” ಕಳಿಸಬೇಡಿ. ಅವರು ಅದರಿಂದ ತೆಗೆದುಕೊಂಡು ನಿಮಗಿಂತ ಮೊದಲು ಅರ್ಜಿ ಹಾಕಿದರೆ, ಹೋಲಿಕೆ ಕಾಣುವುದು ನಿಮ್ಮದರಲ್ಲಿ.

ಹೆತ್ತವರಲ್ಲಿ ನನ್ನದೊಂದು ಕೋರಿಕೆ. ಇಂಗ್ಲಿಷ್ ಓದಲು ಬಾರದಿದ್ದರೂ ಈ ಪರೀಕ್ಷೆಯನ್ನು ನೀವು ಮಾಡಬಲ್ಲಿರಿ. ಮಗಳನ್ನೋ ಮಗನನ್ನೋ ಕೂರಿಸಿ, ಬರೆದದ್ದನ್ನು ಮನೆಮಾತಿನಲ್ಲಿ ಹೇಳಿಸಿ. ಆ ಅಜ್ಜಿಯ ಮನೆ ಎಲ್ಲಿ, ಜೊತೆಗೆ ಯಾರಿದ್ದರು, ಆಮೇಲೆ ಏನಾಯಿತು ಎಂದು ಕೇಳಿ. ತಡವರಿಸದೆ ಉತ್ತರ ಬಂದರೆ ಬರಹ ಅವರದೇ. ಕಾಗದದಲ್ಲಿ ಇರುವುದಕ್ಕಿಂತ ಒಂದು ಮಾತೂ ಹೆಚ್ಚು ಬರದಿದ್ದರೆ, ಹಣ ಕಟ್ಟುವ ಮೊದಲು ಆ ಪುಟವನ್ನು ಇನ್ನೊಮ್ಮೆ ಬರೆಯಿಸಿ.